ತಂತಿಯ ಹಿಂದೆ ಉಳಿದ ಚಿರತೆ: ಜಾಲರಿಯಾಚೆಯಿಂದ ತೆಗೆದ ಫೋಟೊವನ್ನು ಸರಿಪಡಿಸುವ ಬಗೆ

(ಬೆಂಗಳೂರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ಬನ್ನೇರುಘಟ್ಟಕ್ಕೆ ಹೋಗಿ ಜಾಲರಿಯಾಚೆಯ ಚಿರತೆಯ ಫೋಟೊ ತೆಗೆದುಕೊಂಡು ಬಂದವರು ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮಾಡುವ ಮೊದಲ ಕೆಲಸ ಹೀಲ್ ಟೂಲ್ ಹಿಡಿದು ತಂತಿಯ ಮೇಲೆ ಉಜ್ಜುವುದು. ಹತ್ತು ನಿಮಿಷದಲ್ಲಿ ತಂತಿ ಹೋಗುತ್ತದೆ. ಅದರ ಜೊತೆ ಚಿರತೆಯ ಚುಕ್ಕೆಗಳೂ ಅರ್ಧ ಹೋಗಿರುತ್ತವೆ. ಅವುಗಳ ಜಾಗದಲ್ಲಿ ಪಕ್ಕದಿಂದ ಎರವಲು ತಂದ ತೊಗಲು ಬಂದು ಕೂತಿರುತ್ತದೆ. ಚಿಕ್ಕದಾಗಿ ನೋಡಿದರೆ ಪರವಾಗಿಲ್ಲ, ದೊಡ್ಡದು ಮಾಡಿದರೆ ಚಿರತೆಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಇವತ್ತು ಹೇಳಬೇಕೆಂದಿರುವುದು ಇಷ್ಟು: ಉಜ್ಜುವ ಮೊದಲು ಆ ತಂತಿಯ ಹಿಂದೆ ನಿಜವಾಗಿ ಏನಾದರೂ ಕಳೆದುಹೋಗಿದೆಯೇ ಎಂದು ನೋಡಬೇಕು. ಎಷ್ಟೋ ಫೋಟೊಗಳಲ್ಲಿ ಏನೂ ಕಳೆದಿರುವುದಿಲ್ಲ. ಚುಕ್ಕೆ ಅಲ್ಲೇ ಇರುತ್ತದೆ, ತುಸು ಮಂಕಾಗಿರುತ್ತದೆ ಅಷ್ಟೆ. ಮಂಕಾದದ್ದನ್ನು ಬೆಳಗಿಸಿದರೆ ಸಾಕು, ಹೊಸದಾಗಿ ಬಿಡಿಸಬೇಕಾಗಿಲ್ಲ.

ಬೆಳಕಿನ ಶಂಕು, ಅದರಲ್ಲೊಂದು ತಂತಿ

ಚಿರತೆಯ ಮೈಮೇಲಿನ ಒಂದು ಬಿಂದುವನ್ನು ತೆಗೆದುಕೊಳ್ಳಿ. ಅಲ್ಲಿಂದ ಹೊರಟ ಬೆಳಕು ಲೆನ್ಸಿನ ಬಾಯಿಗೆ ಒಂದೇ ಗೆರೆಯಾಗಿ ಬರುವುದಿಲ್ಲ, ಬಾಯಿಯ ಅಗಲವನ್ನೆಲ್ಲ ತುಂಬುವ ಶಂಕುವಾಗಿ ಬರುತ್ತದೆ. ಶಂಕುವಿನ ಚೂಪು ತುದಿ ಚಿರತೆಯ ಮೇಲೆ, ಅಗಲದ ತುದಿ ಲೆನ್ಸಿನ ಮೇಲೆ. ಲೆನ್ಸಿನ ಬಾಯಿ ಎಂದರೆ ಅಪರ್ಚರಿನ ವ್ಯಾಸ. ಫೋಕಲ್ ಲೆಂಗ್ತನ್ನು f ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. 55 ಮಿ.ಮೀ. ಲೆನ್ಸು, f/5.6 ಎಂದರೆ ಬಾಯಿ ಸುಮಾರು 9.8 ಮಿ.ಮೀ. ಜಾಲರಿ ಕ್ಯಾಮೆರಾದಿಂದ 1 ಮೀಟರ್ ದೂರ, ಚಿರತೆ 8 ಮೀಟರ್ ದೂರ ಇದೆ ಅನ್ನಿ. ಜಾಲರಿ ಇರುವ ಜಾಗಕ್ಕೆ ಬರುವಾಗ ಶಂಕುವಿನ ಅಗಲ ಬಾಯಿಯ ಎಂಟರಲ್ಲಿ ಏಳು ಪಾಲು, ಅಂದರೆ ಸುಮಾರು 8.6 ಮಿ.ಮೀ.

ತಂತಿಯ ದಪ್ಪ 3 ಮಿ.ಮೀ. ಇದ್ದರೆ ಅದು 8.6 ಮಿ.ಮೀ. ಅಗಲದ ಬೆಳಕಿನ ನಡುವೆ ಒಂದು ಪಟ್ಟಿಯನ್ನಷ್ಟೇ ತಡೆಯುತ್ತದೆ. ಲೆಕ್ಕ ಹಾಕಿದರೆ ಹೆಚ್ಚೆಂದರೆ ಶೇ. 43 ಬೆಳಕು ಹೋಗುತ್ತದೆ, ಉಳಿದ ಶೇ. 57 ತಂತಿಯ ಎರಡೂ ಬದಿಯಿಂದ ಲೆನ್ಸಿಗೆ ಬಂದು ಸೇರುತ್ತದೆ. ಚಿರತೆಯ ಯಾವ ಬಿಂದುವೂ ಪೂರ್ತಿ ಮರೆಯಾಗಿಲ್ಲ. ಎರಡು ತಂತಿಗಳು ಹೆಣೆದುಕೊಳ್ಳುವ ಗಂಟಿನಲ್ಲಿ ಮಾತ್ರ ನಷ್ಟ ಜಾಸ್ತಿ, ಅಲ್ಲಿ ಉಳಿಯುವುದು ಶೇ. 30ರ ಆಸುಪಾಸು.

ಇದೇ ಜಾಗದಲ್ಲಿ 200 ಮಿ.ಮೀ. ಲೆನ್ಸನ್ನು f/4ನಲ್ಲಿ ಹಿಡಿದಿದ್ದರೆ ಬಾಯಿ 50 ಮಿ.ಮೀ. ಆಗಿರುತ್ತಿತ್ತು. ತಂತಿ ತಡೆಯುವುದು ಶೇ. 9ಕ್ಕೂ ಕಡಿಮೆ. ಜಾಲರಿಯ ಕಣ್ಣೂ ಹೆಚ್ಚುಕಡಿಮೆ 50 ಮಿ.ಮೀ. ಇರುವುದರಿಂದ ತಂತಿಗಳ ಮಸುಕು ಒಂದರ ಮೇಲೊಂದು ಹರಡಿ ಇಡೀ ಚಿತ್ರಕ್ಕೆ ತೆಳುವಾದ ಮಂಜಿನಂತೆ ಆಗುತ್ತಿತ್ತು, ಗೆರೆಯೇ ಕಾಣುತ್ತಿರಲಿಲ್ಲ. ಮೊಬೈಲಿನದು ಇದಕ್ಕೆ ತದ್ವಿರುದ್ಧ. ಅದರ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ ಆರೇಳು ಮಿ.ಮೀ. ಮಾತ್ರ, ಆದ್ದರಿಂದ ಬಾಯಿ 3ರಿಂದ 4 ಮಿ.ಮೀ. 3 ಮಿ.ಮೀ. ತಂತಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿಬಿಡುತ್ತದೆ. ಮೊಬೈಲ್ ಪರದೆಯಲ್ಲಿ f/1.8 ಎಂದು ತೋರಿಸುತ್ತದಲ್ಲ ಎಂದು ಮೋಸ ಹೋಗಬೇಡಿ, ತಂತಿಗೆ ಲೆಕ್ಕ ಬರುವುದು f ಸಂಖ್ಯೆಯಲ್ಲ, ಬಾಯಿಯ ಅಗಲ.

ಈ ಲೆಕ್ಕವೆಲ್ಲ ಬೇಡ ಎನ್ನುವವರಿಗೆ ಕಣ್ಣಿನಲ್ಲೇ ಮಾಡುವ ಪರೀಕ್ಷೆ ಒಂದಿದೆ. ಫೋಟೊವನ್ನು ಶೇ. 100ಕ್ಕೆ ಹಿಗ್ಗಿಸಿ, ತಂತಿಯ ಪಟ್ಟಿ ಒಂದು ಕಪ್ಪು ಚುಕ್ಕೆಯನ್ನು ಹಾದುಹೋಗುವ ಜಾಗ ಹುಡುಕಿ. ಚುಕ್ಕೆಯ ಅಂಚು ಪಟ್ಟಿಯೊಳಗೂ ಮುಂದುವರಿದು ಆಚೆ ಬದಿಗೆ ಸೇರುತ್ತಿದೆ ಎಂದರೆ ಬೆಳಕು ಉಳಿದಿದೆ. ಹಿಂದೆ ಚುಕ್ಕೆ ಇರಲಿ, ಹುಲ್ಲಿರಲಿ, ಆಕಾಶವಿರಲಿ, ಪಟ್ಟಿಯ ನಡುವಿನ ಬಣ್ಣ ಒಂದೇ ಆಗಿದ್ದರೆ ಅಲ್ಲಿ ತಂತಿ ಬಿಟ್ಟು ಬೇರೇನೂ ದಾಖಲಾಗಿಲ್ಲ.

ಎರಡು ಕಡೆ ಅಳೆದರೆ ಸಾಕು

ಈಗ ಆ 55 ಮಿ.ಮೀ. ಫೋಟೊವನ್ನೇ ಕೈಗೆತ್ತಿಕೊಳ್ಳೋಣ. ಕ್ಯಾಮೆರಾ ಎಪಿಎಸ್-ಸಿ ಸೆನ್ಸರಿನದು, ಚಿತ್ರದ ಅಗಲ 6000 ಪಿಕ್ಸೆಲ್. 1 ಮೀಟರ್ ದೂರದ ಜಾಲರಿಯ ಮೇಲಿನ 1 ಮಿ.ಮೀ. ಎಂದರೆ ಚಿತ್ರದಲ್ಲಿ 14 ಪಿಕ್ಸೆಲ್. ಮಸುಕಾದ ಪಟ್ಟಿಯ ಅಗಲ ಶಂಕುವಿನ ಅಗಲಕ್ಕೆ ತಂತಿಯ ದಪ್ಪ ಸೇರಿಸಿದಷ್ಟು, ಅಂದರೆ 11.6 ಮಿ.ಮೀ. ಚಿತ್ರದಲ್ಲಿ ಅದು ಸುಮಾರು 160 ಪಿಕ್ಸೆಲ್ ಆಗುತ್ತದೆ. ಚಿರತೆಯ ಮೈಮೇಲೆ ಇಂಥ ಐದಾರು ಪಟ್ಟಿಗಳು ಓರೆಯಾಗಿ ಹಾದಿವೆ.

ಪಟ್ಟಿಯ ಒಳಗೆ ದಾಖಲಾಗಿರುವುದು ಎರಡರ ಬೆರಕೆ: ಚಿರತೆಯಿಂದ ತಪ್ಪಿಸಿಕೊಂಡು ಬಂದ ಬೆಳಕು, ಮತ್ತೆ ತಂತಿಯ ಮೇಲೆ ಬಿಸಿಲು ಬಿದ್ದು ಅದು ತಾನೇ ಕಳಿಸಿದ ಬೆಳಕು. ಬರೆದರೆ ಹೀಗೆ:

```
I = (1 - a) * B + a * F
B = (I - a*F) / (1 - a)
```

I ನಮ್ಮ ಫೋಟೊದಲ್ಲಿರುವುದು, B ನಮಗೆ ಬೇಕಾದ ಚಿರತೆ, F ತಂತಿಯ ಹೊಳಪು, a ತಂತಿ ತಡೆದ ಪಾಲು. ಕನ್ನಡದಲ್ಲಿ ಹೇಳುವುದಾದರೆ, ಮೊದಲು ತಂತಿಯ ಹೊಳಪನ್ನು ಕಳೆಯಿರಿ, ಆಮೇಲೆ ಉಳಿದದ್ದನ್ನು ಹಿಗ್ಗಿಸಿ. ಹೆಚ್ಚಿನವರು ಎರಡನೆಯದನ್ನು ಮಾತ್ರ ಮಾಡುತ್ತಾರೆ. ಪಟ್ಟಿ ಬೆಳ್ಳಗಾಗುತ್ತದೆ, ಆದರೆ ಅದರೊಳಗಿನ ಕಪ್ಪು ಚುಕ್ಕೆಗಳು ಬೂದಿ ಬಳಿದ ಹಾಗೆ ಆಗುತ್ತವೆ. ಬೂದಿ ಬಣ್ಣ ಕಂಡರೆ ಕಳೆಯುವ ಹೆಜ್ಜೆ ತಪ್ಪಿದೆ ಎಂದೇ ಅರ್ಥ.

ಗೊತ್ತಿಲ್ಲದವು ಎರಡು, ಆದ್ದರಿಂದ ಎರಡು ಕಡೆ ಅಳೆಯಬೇಕು. ಒಂದು, ಚಿರತೆಯ ಹೊಂಬಣ್ಣದ ರೋಮ ಪಟ್ಟಿಯ ಒಳಗೂ ಹೊರಗೂ ಒಂದೇ ಸಮನೆ ಇರುವ ಜಾಗ. ಇನ್ನೊಂದು, ಕಪ್ಪು ಚುಕ್ಕೆಯೋ ಕಲ್ಲಿನ ಸಂದಿಯ ಕತ್ತಲೋ ಹಾಗೆಯೇ ಒಳಗೂ ಹೊರಗೂ ಹರಡಿರುವ ಜಾಗ. ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ಚಿತ್ರವನ್ನು `Image > Precision` ಒಳಗೆ 32 ಬಿಟ್ ಫ್ಲೋಟಿಂಗ್ ಪಾಯಿಂಟ್, `Linear light`ಗೆ ಬದಲಾಯಿಸಿ. ಕಲರ್ ಪಿಕರ್‌ನಲ್ಲಿ `Sample average` ಆನ್ ಮಾಡಿ, ಮಾಹಿತಿ ಕಿಟಕಿಯಲ್ಲಿ `Pixel` ಆರಿಸಿಕೊಂಡು ಓದಿ. ಒಳಗಿನ ಅಳತೆಯನ್ನು ಪಟ್ಟಿಯ ನಟ್ಟನಡುವೆಯೇ ತೆಗೆಯಬೇಕು.

ರೋಮದ ಮೇಲೆ ಹೊರಗೆ 0.30, ಪಟ್ಟಿಯ ನಡುವೆ 0.20 ಬಂತು ಅನ್ನಿ. ಕಪ್ಪಿನ ಮೇಲೆ ಹೊರಗೆ 0.01, ಪಟ್ಟಿಯ ನಡುವೆ 0.04. ಈ ಎರಡನೆಯ ಜೋಡಿಯನ್ನು ಗಮನಿಸಿ. ಕಪ್ಪಿನ ಮೇಲೆ ತಂತಿ ಬಂದಾಗ ಕತ್ತಲು ಜಾಸ್ತಿಯಾಗಿಲ್ಲ, ಬದಲಿಗೆ ಬೆಳಕಾಗಿದೆ. ಅದು ಬಿಸಿಲಿಗೆ ಹೊಳೆಯುವ ಸತುವಿನ ಲೇಪದ ಕೆಲಸ. ಒಂದರಿಂದ ಒಂದನ್ನು ಕಳೆದರೆ ಒಳಗಿನ ವ್ಯತ್ಯಾಸ 0.16, ಹೊರಗಿನದು 0.29. ಭಾಗಿಸಿದರೆ 0.55. ಚಿರತೆಯ ಬೆಳಕಿನಲ್ಲಿ ಉಳಿದದ್ದು ಶೇ. 55, ಮೇಲೆ ಶಂಕುವಿನ ಲೆಕ್ಕದಲ್ಲಿ ಬಂದ 57ಕ್ಕೆ ಹತ್ತಿರವೇ. ತಂತಿ ಸೇರಿಸಿದ ಹೊಳಪು, ಅಂದರೆ a*F, 0.04ರಲ್ಲಿ 0.01ರ ಶೇ. 55 ಆದ 0.0055 ಕಳೆದು ಸುಮಾರು 0.0345. ತಾಳೆ ನೋಡಿ: 0.20ರಲ್ಲಿ 0.0345 ಕಳೆದು 0.55ರಿಂದ ಭಾಗಿಸಿದರೆ 0.30. ಹೊರಗಿನ ರೋಮ ಸಿಕ್ಕಿತು.

ಇದನ್ನು ಗಿಂಪ್‌ಗೆ ಹೇಳುವುದು ಹೀಗೆ. ಲೇಯರನ್ನು ನಕಲು ಮಾಡಿ, ನಕಲಿನ ಮೇಲೆ `Colors > Exposure` ತೆರೆಯಿರಿ. `Black level` 0.0345 ಇಡಿ. 0.55ರಿಂದ ಭಾಗಿಸುವುದೆಂದರೆ 0.86 ಸ್ಟಾಪ್, ಆದರೆ `Exposure` ಪಟ್ಟಿಯಲ್ಲಿ 0.86 ಹಾಕಿದರೆ ತುಸು ಹೆಚ್ಚಾಗುತ್ತದೆ. ಈ ಉಪಕರಣದಲ್ಲಿ ಕಪ್ಪು ಮಟ್ಟ ಏರಿಸಿದಂತೆ ಹಿಗ್ಗಿಸುವ ಪ್ರಮಾಣವೂ ಏರುತ್ತದೆ. ಅದನ್ನು ಸರಿದೂಗಿಸಲು 0.77 ಹಾಕಿ. ಈಗ ಇಡೀ ನಕಲು ಅತಿಯಾಗಿ ಬೆಳಗಿರುತ್ತದೆ, ಪಟ್ಟಿಗಳ ನಡುಗೆರೆ ಮಾತ್ರ ಸರಿಯಾದ ಬಣ್ಣಕ್ಕೆ ಬಂದಿರುತ್ತದೆ. ಆ ನಕಲಿಗೆ ಕಪ್ಪು ಲೇಯರ್ ಮಾಸ್ಕ್ ಹಾಕಿದರೆ ಎಲ್ಲವೂ ಮಾಯ. ಪಟ್ಟಿ ಇರುವಲ್ಲಿ ಮಾತ್ರ ಬಿಳಿ ಬಳಿದು ಅದನ್ನು ಮತ್ತೆ ಕರೆಯಬೇಕು.

ಮಾಸ್ಕ್ ಬಳಿಯುವ ಕೆಲಸ

ಕೈಯಲ್ಲಿ ಬಳಿದರೆ ಗೆರೆ ಓಲಾಡುತ್ತದೆ. ಪಾಥ್ ಟೂಲ್ ತೆಗೆದುಕೊಂಡು ಪ್ರತಿ ಪಟ್ಟಿಯ ನಡುಗೆರೆಯ ಮೇಲೆ ಗಂಟಿನಿಂದ ಗಂಟಿಗೆ ಬಿಂದು ಇಡುತ್ತ ಹೋಗಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಗೆರೆ ಎಳೆಯುವ ಆಸೆ ಬೇಡ. ಹೆಣೆದ ಜಾಲರಿಯಲ್ಲಿ ತಂತಿ ಪ್ರತಿ ಗಂಟಿನಲ್ಲೂ ತಿರುಗಿ ಹಿಂದಕ್ಕೆ ಹೋಗುತ್ತದೆ. ದೂರಕ್ಕೆ ಒಂದೇ ಓರೆಗೆರೆ ಎಂದು ಕಾಣುವುದು ನಿಜವಾಗಿ ಬೇರೆ ಬೇರೆ ತಂತಿಗಳ ತುಂಡುಗಳು, ಅವು ಗಂಟಿನ ಎರಡು ಬದಿಗೆ ಒಂದೆರಡು ತಂತಿ ದಪ್ಪದಷ್ಟು ಜರುಗಿರುತ್ತವೆ. 3 ಮಿ.ಮೀ. ಜರುಗಿದರೂ ಚಿತ್ರದಲ್ಲಿ 42 ಪಿಕ್ಸೆಲ್.

ಪಾಥ್ ಮುಗಿದ ಮೇಲೆ ಮಾಸ್ಕ್ ಆರಿಸಿಕೊಂಡಿದ್ದು, ಬಣ್ಣ ಬಿಳಿ ಇದ್ದು, ಬ್ರಷ್ `2. Hardness 050`, ಅಳತೆ 160 ಇಟ್ಟುಕೊಂಡು `Edit > Stroke Path` ಒಳಗೆ ಪೇಂಟ್ ಟೂಲ್‌ನಿಂದ ಎಳೆಯಲು ಹೇಳಿ. ಪಟ್ಟಿಗಳು ಒಮ್ಮೆಲೇ ಮಾಯವಾದರೆ ಅದೃಷ್ಟ. ಸಾಮಾನ್ಯವಾಗಿ ಮೂರರಲ್ಲಿ ಒಂದು ತೊಡಕು ಉಳಿಯುತ್ತದೆ. ನಡುವೆ ಸರಿಯಾಗಿ, ಎರಡು ಅಂಚಿನಲ್ಲಿ ಹೊಳೆಯುವ ಗೆರೆ ಕಂಡರೆ ಮಾಸ್ಕ್ ತೀರಾ ಅಗಲ ಅಥವಾ ಬ್ರಷ್ ತೀರಾ ಗಟ್ಟಿ. ಅಂಚಿನಲ್ಲಿ ಕಪ್ಪು ಗೆರೆ ಉಳಿದರೆ ಮಾಸ್ಕ್ ಸಣ್ಣದು. ಒಂದು ಅಂಚು ಹೊಳೆದು ಇನ್ನೊಂದು ಕಪ್ಪಾದರೆ ಮಾಸ್ಕ್ ಪಕ್ಕಕ್ಕೆ ಜರುಗಿದೆ, ಮಾಸ್ಕನ್ನು ಮಾತ್ರ ನಾಲ್ಕೈದು ಪಿಕ್ಸೆಲ್ ಸರಿಸಿದರೆ ಕೂರುತ್ತದೆ. ಅಗಲದ ತೊಡಕಿಗೆ ಮತ್ತೆ ಎಳೆಯಬೇಕಾಗಿಲ್ಲ. ಮಾಸ್ಕಿನ ಮೇಲೆಯೇ `Colors > Levels` ತೆರೆದು ನಡುವಿನ ಗುಂಡಿಯನ್ನು ಆಚೀಚೆ ಎಳೆದರೆ ಪಟ್ಟಿಯ ನಡು ಹಾಗೇ ಉಳಿದು ಅಂಚು ಮಾತ್ರ ದಪ್ಪವೋ ಸಣ್ಣವೋ ಆಗುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಉಳಿಸುವುದು ಈ ಒಂದು ಗುಂಡಿ.

ಗಂಟುಗಳು ಇನ್ನೂ ಕಪ್ಪಾಗಿಯೇ ಇರುತ್ತವೆ. ಬಿಳಿಯ ಮೇಲೆ ಬಿಳಿ ಎಳೆದರೆ ಇನ್ನಷ್ಟು ಬಿಳಿಯಾಗುವುದಿಲ್ಲವಲ್ಲ, ಅದಕ್ಕೆ. ಅಲ್ಲಿಗೆ ಎರಡನೆಯ ನಕಲು ಬೇಕು. ಗಂಟಿನ ಮೇಲೆ ಬೇರೆಯಾಗಿ ಅಳೆದು, ಬೇರೆ ಸಂಖ್ಯೆ ಹಾಕಿ, ಮಾಸ್ಕಿನಲ್ಲಿ ಒಂದೊಂದು ಗಂಟಿಗೆ ಒಂದೊಂದು ಮೆದು ಚುಕ್ಕಿ ಇಡಿ. ಬೆಳಕು ಶೇ. 30 ಮಾತ್ರ ಉಳಿದಿರುವುದರಿಂದ ಮೂರರಷ್ಟಕ್ಕಿಂತ ಹೆಚ್ಚು ಹಿಗ್ಗಿಸಬೇಕಾಗುತ್ತದೆ, ನಾಯ್ಸ್ ಕೂಡ ಅಷ್ಟೇ ಹಿಗ್ಗುತ್ತದೆ. ಐಎಸ್ಒ 400ರ ಫೋಟೊ ಆದರೆ ನಡೆಯುತ್ತದೆ. 3200ರ ಫೋಟೊ ಆದರೆ ಗಂಟಿನ ಜಾಗ ಮರಳು ಚೆಲ್ಲಿದಂತೆ ಕಾಣುತ್ತದೆ. ಆಗ ಇಡೀ ಚಿತ್ರಕ್ಕೆ ಮೊದಲೇ ಡಿನಾಯ್ಸ್ ಮಾಡಿ ಆಮೇಲೆ ಈ ಕೆಲಸಕ್ಕೆ ಇಳಿಯಬೇಕು. ಬರೀ ಗಂಟಿಗೆ ಮಾತ್ರ ಡಿನಾಯ್ಸ್ ಮಾಡಿದರೆ ನುಣುಪಾದ ಚುಕ್ಕಿಗಳ ಸಾಲು ಜಾಲರಿ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸುತ್ತದೆ.

ಜಾಲರಿಯನ್ನು ಎದುರಿನಿಂದಲ್ಲದೆ ಓರೆಯಾಗಿ ಹಿಡಿದಿದ್ದರೆ ಒಂದು ಬದಿಯ ತಂತಿ ಹತ್ತಿರ, ಇನ್ನೊಂದು ಬದಿಯದು ದೂರ. ದೂರದ ಕಡೆ ಪಟ್ಟಿ ಸಣ್ಣ, ಆದರೆ ತುಸು ಹೆಚ್ಚು ಕಪ್ಪು. ಒಂದೇ ಬ್ರಷ್, ಒಂದೇ ಸಂಖ್ಯೆ ಎರಡೂ ಬದಿಗೆ ಒಗ್ಗುವುದಿಲ್ಲ. ಎಡ, ನಡು, ಬಲ ಎಂದು ಮೂರು ಲೇಯರ್ ಮಾಡಿಕೊಳ್ಳುವುದು ಲೇಸು. ಹಾಗೆಂದು ಹಿನ್ನೆಲೆಯ ಹುಲ್ಲು, ಪೊದೆಗಳ ಮೇಲೆ ಇಷ್ಟೆಲ್ಲ ಕಷ್ಟಪಡುವುದು ದಂಡ. ಅಲ್ಲಿ ಹೀಲ್ ಟೂಲೇ ಸಾಕು, ಯಾರೂ ಹುಲ್ಲಿನ ಎಸಳು ಎಣಿಸುವುದಿಲ್ಲ.

ಈ ಲೆಕ್ಕ ಸರಿಹೋಗಬೇಕಾದರೆ ಫೈಲಿನಲ್ಲಿರುವ ಸಂಖ್ಯೆ ನಿಜವಾದ ಬೆಳಕಿಗೆ ಅನುಪಾತದಲ್ಲಿರಬೇಕು. ರಾ ಫೈಲ್ ಇದ್ದರೆ ಡಾರ್ಕ್‌ಟೇಬಲ್‌ನಲ್ಲಿ ತೆರೆದು `filmic rgb` ಅಥವಾ `sigmoid`, ಲೋಕಲ್ ಕಾಂಟ್ರಾಸ್ಟ್, ಶಾರ್ಪನ್ ಎಲ್ಲವನ್ನೂ ಆಫ್ ಮಾಡಿ 16 ಬಿಟ್ ಟಿಫ್ ಆಗಿ ಹೊರತೆಗೆಯಿರಿ. ಚಿತ್ರ ಸಪ್ಪೆಯಾಗಿ ಕಾಣುತ್ತದೆ, ಕಾಣಲಿ. ತಂತಿ ಹೋದ ಮೇಲೆ ಮೆರುಗು ಕೊಟ್ಟರಾಯಿತು. ಮೊದಲೇ ಕಾಂಟ್ರಾಸ್ಟ್ ಏರಿಸಿ ಶಾರ್ಪನ್ ಮಾಡಿದರೆ ಪಟ್ಟಿಯ ಅಂಚಿಗೆ ಹೊಸ ಗೆರೆ ಹುಟ್ಟಿಕೊಂಡಿರುತ್ತದೆ, ಅದಕ್ಕೆ ಯಾವ ಸೂತ್ರವೂ ಇಲ್ಲ.

ಬರೀ ಜೆಪೆಗ್ ಇದ್ದರೆ ಎರಡು ಸಂಖ್ಯೆಯ ಸೂತ್ರ ಪೂರ್ತಿ ಒಗ್ಗುವುದಿಲ್ಲ, ಏಕೆಂದರೆ ಕ್ಯಾಮೆರಾ ಅದರೊಳಗೆ ತನ್ನದೇ ಕರ್ವ್ ಹಾಕಿರುತ್ತದೆ. ಆಗ `Exposure` ಬದಲು `Curves` ಬಳಸಿ. ಕಪ್ಪು ಚುಕ್ಕೆ, ಹೊಂಬಣ್ಣ, ಹೊಟ್ಟೆಯ ಬಿಳಿ ಹೀಗೆ ಮೂರು ಕಡೆ ಅಳೆದು, ಪಟ್ಟಿಯ ಒಳಗಿನ ಸಂಖ್ಯೆಯನ್ನು ಕೆಳಗಿನ ಅಕ್ಷದಲ್ಲಿ, ಹೊರಗಿನದನ್ನು ನಿಂತ ಅಕ್ಷದಲ್ಲಿ ಇಟ್ಟು ಮೂರು ಬಿಂದು ಕೂರಿಸಿ. ಪಟ್ಟಿಗೆ ನೀಲಿ ಛಾಯೆ ಉಳಿದರೆ ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆ ಕರ್ವ್ ಹಾಕಬೇಕು. ತಂತಿ ಆಕಾಶವನ್ನು ಪ್ರತಿಫಲಿಸಿದಾಗ ಹೀಗಾಗುತ್ತದೆ.

ಬೆಳಕೇ ಬಾರದ ಜಾಗ

ಪಟ್ಟಿಯ ನಡುವೆ ಏನೂ ಉಳಿದಿಲ್ಲ ಎಂದರೆ ಎರಡೇ ದಾರಿ: ಊಹಿಸಿ ತುಂಬುವುದು, ಇಲ್ಲವೇ ಇನ್ನೊಂದು ಫೋಟೊದಿಂದ ತರುವುದು.

ಊಹಿಸಿ ತುಂಬುವಾಗ ಎಲ್ಲರೂ ಮಾಡುವ ತಪ್ಪು, ಕಣ್ಣಿಗೆ ಕಂಡ ಕಪ್ಪನ್ನಷ್ಟೇ ಆಯ್ಕೆ ಮಾಡುವುದು. ತಂತಿಯ ಎರಡು ಬದಿಯ ಅರೆಮಂಕು ಆಯ್ಕೆಯ ಹೊರಗೆ ಉಳಿಯುತ್ತದೆ, ಉಪಕರಣ ಆ ಮಂಕನ್ನೇ ಮಾದರಿ ಎಂದು ತೆಗೆದುಕೊಂಡು ಒಳಗೆ ತುಂಬುತ್ತದೆ. ತಂತಿ ಹೋದ ಜಾಗದಲ್ಲಿ ಅದರ ದೆವ್ವ ಉಳಿಯುತ್ತದೆ. ಮೇಲೆ ಹೇಳಿದ ವಿಧಾನದಿಂದ ಮೊದಲು ಅಂಚುಗಳನ್ನು ಸರಿಪಡಿಸಿ, ಆಮೇಲೆ ನಡುವಿನ ಸಣ್ಣ ಗಟ್ಟಿ ಪಟ್ಟಿಯನ್ನು ಮಾತ್ರ ತುಂಬಿ. ತುಂಬಬೇಕಾದ ಅಗಲ ಅರ್ಧಕ್ಕರ್ಧ ಇಳಿಯುತ್ತದೆ.

ಚಿರತೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಪ್ರತಿ ಚಿರತೆಯ ಚುಕ್ಕೆಗಳ ವಿನ್ಯಾಸ ಬೇರೆ. ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಚಿರತೆಗಳನ್ನು ಎಣಿಸುವವರು ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದೇ ಈ ಚುಕ್ಕೆಗಳಿಂದ. ಎಕ್ಸ್‌ಪೋಷರ್ ಸರಿಪಡಿಸಿದಾಗ ಸಿಗುವ ಚುಕ್ಕೆ ಆ ಪ್ರಾಣಿಯದೇ. ಹೀಲ್ ಮಾಡಿ ತುಂಬಿದ ಚುಕ್ಕೆ ಯಾವ ಪ್ರಾಣಿಯದೂ ಅಲ್ಲ. ಪ್ರಾಣಿಯ ಗುರುತಿಗೆ ಬಳಸುವ ಫೋಟೊದಲ್ಲಿ ತಂತಿಯನ್ನು ಹಾಗೇ ಬಿಡುವುದು ಸರಿ.

ಮನೆಯ ಕಿಟಕಿ: ಐದು ಫೋಟೊಗಳ ಉಪಾಯ

ನಮ್ಮ ಮನೆಗಳ ಗ್ರಿಲ್‌ಗಳದು ಬೇರೆಯೇ ಕಥೆ. 12 ಮಿ.ಮೀ. ಚೌಕ ಸರಳಿನ ಎದುರು ಮೊಬೈಲಿನ 3.3 ಮಿ.ಮೀ. ಬಾಯಿ ಏನೇನೂ ಅಲ್ಲ. ಪಟ್ಟಿಯ ನಡುವಿನ ಎಂಟೊಂಬತ್ತು ಮಿ.ಮೀ. ಪೂರ್ತಿ ಗಟ್ಟಿ. ಸರಳುಗಳ ಸಂದಿಗೆ ಮೊಬೈಲ್ ತಾಗಿಸಿ ಹಿಡಿಯಲು ಆಗುವಂತಿದ್ದರೆ ಹಾಗೇ ಮಾಡಿ, ಮುಂದಿನದೆಲ್ಲ ಬೇಡ. ಕಿಟಕಿಯ ಮುಂದೆ ಮಂಚವೋ ಕಪಾಟೋ ಇದ್ದು ಅರ್ಧ ಮೀಟರ್ ಹಿಂದೆಯೇ ನಿಲ್ಲಬೇಕಾದಾಗ ಈ ಉಪಾಯ.

ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದರೆ ಹತ್ತಿರದ ಸರಳು ಚಿತ್ರದಲ್ಲಿ ತುಂಬಾ ಜರುಗುತ್ತದೆ, ದೂರದ ಮರ ಹೆಚ್ಚೇನೂ ಜರುಗುವುದಿಲ್ಲ. ಒಂದು ಫೋಟೊದಲ್ಲಿ ಮರೆಯಾದ ಕೊಂಬೆ ಮುಂದಿನದರಲ್ಲಿ ಬಯಲಿಗೆ ಬರುತ್ತದೆ. ಸರಳುಗಳ ನಡುವಿನ ಅಂತರ 100 ಮಿ.ಮೀ. ಇದ್ದರೆ ಪ್ರತಿ ಸಲ 20 ಮಿ.ಮೀ. ಸರಿಸಿ ಐದು ಫೋಟೊ ತೆಗೆಯಿರಿ. 20 ಏಕೆಂದರೆ ಸರಳಿನ 12ಕ್ಕೆ ಬಾಯಿಯ 3.3 ಸೇರಿಸಿದರೆ 15.3, ಅದಕ್ಕಿಂತ ಹೆಚ್ಚು ಸರಿಯಬೇಕು. ಐದು ಸಲ 20 ಎಂದರೆ ಒಂದು ಪೂರ್ತಿ ಅಂತರ. ಹೀಗಾಗಿ ಹೊರಗಿನ ಯಾವ ಬಿಂದುವೂ ಐದರಲ್ಲಿ ಒಂದಕ್ಕಿಂತ ಹೆಚ್ಚು ಫೋಟೊದಲ್ಲಿ ಮರೆಯಾಗುವುದಿಲ್ಲ. 100 ಮಿ.ಮೀ.ನಷ್ಟೇ ಸರಿಸಿದರೆ ಮಾತ್ರ ಮುಂದಿನ ಸರಳು ಹಿಂದಿನದರ ಜಾಗಕ್ಕೇ ಬಂದು ನಿಲ್ಲುತ್ತದೆ, ಪಟ್ಟ ಪಾಡು ವ್ಯರ್ಥ. ಅಡ್ಡ ಸರಳುಗಳೂ ಇದ್ದರೆ ನೇರ ಪಕ್ಕಕ್ಕಲ್ಲದೆ ಓರೆಯಾಗಿ, ಪಕ್ಕಕ್ಕೆ 20 ಕೆಳಕ್ಕೆ 20 ಎಂಬಂತೆ ಸರಿಸಿ. ಕಿಟಕಿಯ ಕಟ್ಟೆಯ ಮೇಲೆ ಸ್ಕೇಲ್ ಇಟ್ಟುಕೊಂಡರೆ ಅಂದಾಜು ತಪ್ಪುವುದಿಲ್ಲ. ಮೊದಲ ಫೋಟೊಗೆ ಮುಂಚೆ ಪರದೆಯ ಮೇಲೆ ಮರವನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಐದರಲ್ಲಿ ಒಂದಾದರೂ ಸರಳಿಗೆ ಫೋಕಸ್ ಆಗಿರುತ್ತದೆ.

ಆಮೇಲೆ ಐದನ್ನೂ ಹೊರಗಿನ ದೃಶ್ಯಕ್ಕೆ ಹೊಂದಿಸಿ, ಪ್ರತಿ ಪಿಕ್ಸೆಲ್‌ಗೆ ಐದು ಬೆಲೆಗಳ ನಡುವಿನದನ್ನು ಇಟ್ಟುಕೊಳ್ಳಬೇಕು. ಸರಳಿನ ಬೆಲೆ ಒಂದೇ ಒಂದು, ಅದು ಯಾವಾಗಲೂ ತುದಿಯಲ್ಲಿ ಬಿದ್ದು ಹೊರಗುಳಿಯುತ್ತದೆ. ಸರಾಸರಿ ತೆಗೆದರೆ ಸರಳು ಐದು ಮಂಕು ಸರಳುಗಳಾಗಿ ಉಳಿಯುತ್ತದೆ, ಆ ತಪ್ಪು ಮಾಡಬೇಡಿ. ಪೈಥಾನ್, ಓಪನ್‌ಸಿವಿ ಇದ್ದರೆ, ಫೋಟೊಗಳಿಗೆ `kitaki_1.jpg`, `kitaki_2.jpg` ಎಂಬಂತೆ ಹೆಸರಿಟ್ಟು ಇದನ್ನು ಓಡಿಸಿದರೆ ಸಾಕು:

```python
import cv2, glob
import numpy as np

imgs = [cv2.imread(f) for f in sorted(glob.glob("kitaki_*.jpg"))]
ref = imgs[len(imgs) // 2]
orb = cv2.ORB_create(8000)
k0, d0 = orb.detectAndCompute(ref, None)
bf = cv2.BFMatcher(cv2.NORM_HAMMING, crossCheck=True)
out = []
for im in imgs:
    k, d = orb.detectAndCompute(im, None)
    m = bf.match(d, d0)
    src = np.float32([k[x.queryIdx].pt for x in m])
    dst = np.float32([k0[x.trainIdx].pt for x in m])
    H, _ = cv2.findHomography(src, dst, cv2.RANSAC, 3.0)
    out.append(cv2.warpPerspective(im, H, ref.shape[1::-1]))
cv2.imwrite("out.png", np.median(out, axis=0).astype(np.uint8))
```

ಹೊರಬಂದ ಚಿತ್ರದ ನಾಲ್ಕು ಅಂಚನ್ನು ಕತ್ತರಿಸಬೇಕಾಗುತ್ತದೆ, ಅಲ್ಲಿ ಐದೂ ಫೋಟೊ ಮುಟ್ಟಿರುವುದಿಲ್ಲ. ಕೆಲವೊಮ್ಮೆ ಸರಳುಗಳು ಸ್ಪಷ್ಟವಾಗಿ ಉಳಿದು ಹೊರಗಿನ ದೃಶ್ಯವೇ ಕಲಸಿಹೋಗಿರುತ್ತದೆ. ಹೊಂದಾಣಿಕೆ ತಪ್ಪಾಗಿ ಸರಳುಗಳಿಗೆ ಆಗಿದೆ ಎಂದು ತಿಳಿಯಿರಿ. ಹೊರಗೆ ಬರೀ ಆಕಾಶ, ಬೋಳು ಗೋಡೆ ಇದ್ದು, ಗ್ರಿಲ್ ಮೇಲೆ ಕುಸುರಿ ಇದ್ದಾಗ ಹೀಗಾಗುತ್ತದೆ. ಪ್ರತಿ ಫೋಟೊಗೂ ಸರಳುಗಳ ಜಾಗ ಕಪ್ಪು, ಉಳಿದದ್ದು ಬಿಳಿ ಇರುವ ಒಂದು ಗ್ರೇಸ್ಕೇಲ್ ಮಾಸ್ಕ್ ಚಿತ್ರವನ್ನು `detectAndCompute`ಗೆ `None` ಬದಲು ಕೊಟ್ಟರೆ ಅದು ಸರಳಿನ ಕಡೆ ನೋಡುವುದೇ ಇಲ್ಲ.

ಈ ವಿಧಾನದ ಮಿತಿ ಇರುವುದು ಹೊರಗಿನ ದೂರದಲ್ಲಿ. ಐದು ಫೋಟೊಗೆ ನಾಲ್ಕು ಸಲ, ಒಟ್ಟು 80 ಮಿ.ಮೀ. ಸರಿಸಿದಾಗ, ಸಾಮಾನ್ಯ 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ 10 ಮೀಟರ್ ದೂರದ ಮರ ಇಪ್ಪತ್ತೈದು ಪಿಕ್ಸೆಲ್ ಜರುಗಿದರೆ 40 ಮೀಟರ್ ದೂರದ ಕಟ್ಟಡ ಆರು ಪಿಕ್ಸೆಲ್ ಜರುಗುತ್ತದೆ. ಎರಡನ್ನೂ ಒಟ್ಟಿಗೆ ಹೊಂದಿಸಲು ಆಗದು. ಮರಕ್ಕೆ ಹೊಂದಿಸಿದರೆ ಕಟ್ಟಡದ ಅಂಚು ಎರಡೆರಡಾಗಿ ಕಾಣುತ್ತದೆ. ಎದುರು ರಸ್ತೆಯ ಮಳೆಮರ, ಅದರಾಚೆಯ ಮನೆಗಳು ಇವೆಲ್ಲ 30 ಮೀಟರ್‌ಗಿಂತ ಆಚೆ ಇದ್ದರೆ ತೊಂದರೆಯಿಲ್ಲ. ಕಿಟಕಿಯ ಪಕ್ಕದ ಕೊಂಬೆಯಲ್ಲಿ ಕೂತ ಪಿಕಳಾರಕ್ಕೆ ಈ ಉಪಾಯ ಒಗ್ಗುವುದಿಲ್ಲ, ಅದು ಐದು ಫೋಟೊ ಮುಗಿಯುವವರೆಗೆ ಕೂತಿರುವುದೂ ಇಲ್ಲ. ಗಾಳಿ ಬೀಸುವ ಹೊತ್ತಿನಲ್ಲಿ ಎಲೆಗಳು ಮೇಣದಂತೆ ಕರಗಿ ಕಾಣುತ್ತವೆ. ಬೆಳಗ್ಗೆ ಗಾಳಿ ನಿಂತಿರುವಾಗ ತೆಗೆಯುವುದು ಒಳ್ಳೆಯದು.

ಸಭೆಯಿಂದ ಬಂದ ಪ್ರಶ್ನೆಗಳು

ಒಬ್ಬರು ಕೇಳಿದರು: “ಸರ್, ತಂತಿ ಹೋಯಿತು. ಆದರೆ ಪ್ರಾಣಿಯ ಮೈಮೇಲೆ ಜಾಲರಿಯ ನೆರಳು ಬಿದ್ದಿದೆಯಲ್ಲ, ಅದಕ್ಕೇನು ಮಾಡೋದು?”

ನೆರಳು ತಂತಿಯಲ್ಲ, ಅದು ದೃಶ್ಯದ ಭಾಗ. ಕ್ಯಾಮೆರಾ ಎಷ್ಟು ಸರಿಸಿದರೂ ಅದು ಪ್ರಾಣಿಯ ಮೇಲೇ ಇರುತ್ತದೆ, ಐದು ಫೋಟೊ ತೆಗೆದರೂ ಹೋಗದು. ಮಾಸ್ಕ್ ಹಾಕಿ ಎಕ್ಸ್‌ಪೋಷರ್ ಏರಿಸುವ ವಿಧಾನ ಇಲ್ಲಿಯೂ ನಡೆಯುತ್ತದೆ, ಎರಡು ವ್ಯತ್ಯಾಸಗಳಿವೆ. ಕಪ್ಪು ಮಟ್ಟ ಸೊನ್ನೆಯಲ್ಲೇ ಇರಲಿ, ಕಳೆಯಲು ಇಲ್ಲಿ ತಂತಿಯ ಹೊಳಪಿಲ್ಲ. ನೆರಳಿನೊಳಗೆ ಬರುವುದು ಆಕಾಶದ ಬೆಳಕಾದ್ದರಿಂದ ಅದು ನೀಲಿಯಾಗಿರುತ್ತದೆ, ಬೆಳಗಿಸಿದ ಮೇಲೆ ಬಣ್ಣವನ್ನು ಹಳದಿಯ ಕಡೆ ತಿರುಗಿಸಬೇಕು. ಮೈ ದುಂಡಗಿರುವುದರಿಂದ ನೆರಳಿನ ಗೆರೆ ಬಾಗಿರುತ್ತದೆ, ಪಾಥ್ ಕೂಡ ಹಾಗೇ ಬಾಗಬೇಕು. ತಂತಿಗಿಂತ ಇದಕ್ಕೆ ದುಪ್ಪಟ್ಟು ಸಮಯ ಹಿಡಿಯುತ್ತದೆ. ಎಷ್ಟೋ ಸಲ ನೆರಳನ್ನು ಬಿಟ್ಟುಬಿಡುವುದೇ ಚೆನ್ನ.

ಇನ್ನೊಬ್ಬರದು ಸೊಳ್ಳೆ ಜಾಲರಿಯ ಪ್ರಶ್ನೆ: “ನಮ್ಮ ಮನೆ ಕಿಟಕಿಗೆ ಗ್ರಿಲ್ ಜೊತೆ ಸೊಳ್ಳೆ ಮೆಶ್ ಕೂಡ ಇದೆ ಸರ್. ಅದನ್ನ ತೆಗೆಯೋಕಾಗಲ್ಲ.”

ಸೊಳ್ಳೆ ಜಾಲರಿಯ ಕಣ್ಣು ಒಂದು ಮಿ.ಮೀ.ಗೆ ಹತ್ತಿರ, ಎಳೆ ಅದಕ್ಕಿಂತ ಎಷ್ಟೋ ಸಣ್ಣದು. ಮೊಬೈಲಿನ ಬಾಯಿಯೊಳಗೂ ಎರಡು ಮೂರು ಕಣ್ಣು ಹಿಡಿಸುತ್ತವೆ, ಆದ್ದರಿಂದ ಲೆನ್ಸನ್ನು ಜಾಲರಿಗೆ ತಾಗುವಷ್ಟು ಹತ್ತಿರ ಹಿಡಿದರೆ ಎಳೆಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಕಾಣುವುದು ಇಡೀ ಚಿತ್ರದ ಮೇಲೆ ಹರಡಿದ ಬಿಳಿಚು. ಅದಕ್ಕೆ ಮಾಸ್ಕ್ ಬೇಡ, ಚಿತ್ರದಲ್ಲಿ ಎಲ್ಲಕ್ಕಿಂತ ಕಪ್ಪಾಗಿರಬೇಕಾದ ಜಾಗವನ್ನು ಅಳೆದು `Black level` ಅಷ್ಟಕ್ಕೆ ಏರಿಸಿ. ಉದ್ದ ಲೆನ್ಸಿನ ಕ್ಯಾಮೆರಾ ಆದರೆ ಬೇರೆ ತೊಂದರೆ ಶುರುವಾಗುತ್ತದೆ. ಸಣ್ಣ ಕಣ್ಣುಗಳಿಂದ ಬೆಳಕು ಬಾಗಿ, ಪ್ರತಿ ಬೀದಿದೀಪದ ಸುತ್ತ ಕೂಡಿಸುವ ಗುರುತಿನ ಹಾಗೆ ನಾಲ್ಕು ಕಡೆ ಚುಕ್ಕಿಗಳ ಸಾಲು ಬೀಳುತ್ತದೆ. ಅವನ್ನು ಒಂದೊಂದಾಗಿ ಹೀಲ್ ಮಾಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಹಗಲಿನ ಚಿತ್ರದಲ್ಲಿ ಅವೇ ಚುಕ್ಕಿಗಳು ಎಲ್ಲ ಕಡೆ ಸೇರಿ ಇಡೀ ಚಿತ್ರವನ್ನು ಮೆತ್ತಗೆ ಮಾಡಿರುತ್ತವೆ, ಫೋಕಸ್ ತಪ್ಪಿದೆ ಎಂದು ಲೆನ್ಸನ್ನು ಬೈಯುವ ಮೊದಲು ಮೆಶ್ ಸರಿಸಿ ಇನ್ನೊಂದು ಫೋಟೊ ತೆಗೆದು ನೋಡಿ.